ಬ್ಯಾಚ್ ಟೈಮ್ ಬದಲಾಯ್ತು ಅಂತ ಗ್ರೂಪಿನಲ್ಲಿ ಹೇಗೆ ಹಾಕಬೇಕು?

ಪ್ರಶ್ನೆ: ಮೇಡಂ, ತುಮಕೂರಿನಲ್ಲಿ ಫಿಟ್‌ನೆಸ್ ಕ್ಲಾಸ್ ನಡೆಸುತ್ತೇನೆ. ಬೆಳಗ್ಗೆ 5:30, 6:30, 10:30 ಮತ್ತು ಸಂಜೆ 6:30, ನಾಲ್ಕು ಬ್ಯಾಚ್. ಎಲ್ಲರೂ ಒಂದೇ ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ. ಹೋದ ವರ್ಷ ಹೀಗೆ ಹಾಕಿದ್ದೆ: "ಎಲ್ಲರಿಗೂ ನಮಸ್ಕಾರ, ಚಳಿ ಜಾಸ್ತಿ ಇರುವುದರಿಂದ ನಾಳೆಯಿಂದ ಬೆಳಗ್ಗೆ ಕ್ಲಾಸ್ ಒಂದು ಗಂಟೆ ಮುಂದೆ ಹೋಗಿದೆ, ಸಂಜೆ ಕ್ಲಾಸ್ ಅರ್ಧ ಗಂಟೆ ಬೇಗ, ದಯವಿಟ್ಟು ಸಹಕರಿಸಿ." ಮರುದಿನ ಅರ್ಧ ಜನ ಹಳೇ ಟೈಮಿಗೇ ಬಂದರು, ಉಳಿದವರು ಫೋನ್ ಮಾಡಿದರು. ಈ ಸಲ ಡಿಸೆಂಬರ್ 1ರಿಂದ 5:30 ಅನ್ನು 6:30ಕ್ಕೆ, 6:30 ಅನ್ನು 7:30ಕ್ಕೆ, ಸಂಜೆಯದನ್ನು 6:00ಕ್ಕೆ ಮಾಡುತ್ತಿದ್ದೇನೆ. ಹಳೆಯದು, ಹೊಸದು ಎರಡೂ ತಿಳಿಯುವ ಹಾಗೆ ಹೇಗೆ ಬರೆಯಲಿ?

ಉತ್ತರ: ಹೋದ ವರ್ಷದ ಮೆಸೇಜಿನಲ್ಲಿ ಗಂಟೆಯ ಅಂಕಿ ಒಂದೂ ಇಲ್ಲ, ಗಮನಿಸಿದ್ರಾ? ಓದಿದವರೇ ಕೂಡಿಸಿ ಕಳೆದು ತಮ್ಮ ಟೈಮ್ ಕಂಡುಹಿಡಿಯಬೇಕಿತ್ತು. ಅದೂ "ಮುಂದೆ" ಅನ್ನುವ ಮಾತಿಟ್ಟುಕೊಂಡು. ಮದುವೆ ಮುಂದೆ ಹೋಯಿತು ಅಂದರೆ ತಡವಾಯಿತು ಅಂತ ನಮಗೆಲ್ಲ ಗೊತ್ತು. ಆದರೆ ಬೆಳಗ್ಗೆ ಐದೂವರೆಯ ಕ್ಲಾಸ್ ಒಂದು ಗಂಟೆ ಮುಂದೆ ಅಂದಾಗ, ನಾಲ್ಕೂವರೆಗೆ ಏಳಬೇಕೇನೋ ಅಂತ ಗಾಬರಿ ಬೀಳುವವರೂ ಇರುತ್ತಾರೆ. ಆದ್ದರಿಂದ ಎಷ್ಟು ಹೊತ್ತು ಆಚೆ ಈಚೆ ಆಯಿತು ಅನ್ನುವುದನ್ನು ಬರೆಯಲೇಬೇಡಿ. ಗಡಿಯಾರದಲ್ಲಿ ಕಾಣುವ ಟೈಮ್ ಮಾತ್ರ ಬರೆಯಿರಿ.

ಇದಕ್ಕಿಂತ ದೊಡ್ಡ ತೊಡಕು ನಿಮ್ಮ ಈ ವರ್ಷದ ಟೈಮ್‌ಟೇಬಲ್ಲಿನಲ್ಲೇ ಇದೆ. ಮೊದಲನೇ ಬ್ಯಾಚಿನ ಹೊಸ ಟೈಮ್ ಬೆಳಗ್ಗೆ 6:30. ಎರಡನೇ ಬ್ಯಾಚಿನ ಹಳೇ ಟೈಮ್ ಕೂಡ ಬೆಳಗ್ಗೆ 6:30. ಸಂಜೆಯವರ ಹಳೇ ಟೈಮೂ 6:30. ಕ್ಲಾಸಿಗೆ ಬರುವವರು ತಮ್ಮ ಬ್ಯಾಚನ್ನು ಕರೆಯುವುದೇ ಟೈಮಿನಿಂದ ಅಲ್ವಾ? "ನಾನು ಆರೂವರೆ ಬ್ಯಾಚು" ಅಂತ. ಡಿಸೆಂಬರ್ 1ರ ನಂತರ ಆ ಮಾತಿಗೆ ಮೂರು ಅರ್ಥ. ನೀವು "6:30 ಬ್ಯಾಚ್ 7:30ಕ್ಕೆ ಬದಲಾಗಿದೆ" ಅಂತ ಬರೆದರೆ ಸಂಜೆಯವರೂ ಅದನ್ನು ತಮಗೇ ಅಂದುಕೊಳ್ಳಬಹುದು. ಐದೂವರೆಯವರು ತಾವು ಈಗ 6:30 ಆಗಿದ್ದೇವೆ, ಮತ್ತೆ 7:30 ಆಗಿದೆಯೇನೋ ಅಂದುಕೊಳ್ಳಬಹುದು.

ಇಲ್ಲಿ ಆಗುವ ತಪ್ಪು ಸುಲಭಕ್ಕೆ ಗೊತ್ತಾಗುವುದೂ ಇಲ್ಲ. ಮೊದಲನೇ ಬ್ಯಾಚಿನವರು ಮರೆತು 5:30ಕ್ಕೆ ಬಂದರೆ ಕತ್ತಲು, ಗೇಟಿಗೆ ಬೀಗ. ತಕ್ಷಣ ನಿಮಗೆ ಫೋನ್ ಬರುತ್ತದೆ, ತಪ್ಪು ಅಲ್ಲಿಗೆ ಬಗೆಹರಿಯಿತು. ಎರಡನೇ ಬ್ಯಾಚಿನವರು ಮರೆತು 6:30ಕ್ಕೆ ಬಂದರೆ ಬಾಗಿಲು ತೆರೆದಿರುತ್ತದೆ, ಹಾಡು ಹಾಕಿರುತ್ತೀರಿ, ಜನ ಮ್ಯಾಟ್ ಹಾಸುತ್ತಿರುತ್ತಾರೆ. ಅವರೂ ಒಂದು ಮೂಲೆಯಲ್ಲಿ ಮ್ಯಾಟ್ ಹಾಸುತ್ತಾರೆ. ತಪ್ಪಾಯಿತು ಅಂತ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಒಂದು ವಾರ ಕಳೆದ ಮೇಲೆ ನೋಡಿದರೆ 6:30ಕ್ಕೆ ಕೈ ಚಾಚಲು ಜಾಗವಿಲ್ಲ, 7:30ಕ್ಕೆ ಹಾಲ್ ಖಾಲಿ. ಹೋದ ವರ್ಷ ಬಂದ ಫೋನ್‌ಗಳೇ ಎಷ್ಟೋ ವಾಸಿ.

ಹಾಗಾಗಿ ಮೊದಲು ಬ್ಯಾಚುಗಳಿಗೆ ಟೈಮಿಲ್ಲದ ಹೆಸರು ಕೊಡಿ. ಒಂದು, ಎರಡು, ಮೂರು ಅಂತ ಅಂಕಿ ಬೇಡ. ಅಂಕಿ ಪಕ್ಕದಲ್ಲಿ ಅಂಕಿ ಬಂದರೆ ಮತ್ತೆ ಗೊಂದಲ. ಹೂವಿನ ಹೆಸರು ಇಡಿ: ಮಲ್ಲಿಗೆ, ಸಂಪಿಗೆ, ಕನಕಾಂಬರ, ಸೇವಂತಿಗೆ. ಕೆಲವರು ನಗುತ್ತಾರೆ, ನಗಲಿ ಬಿಡಿ. ಹೆಸರು ನೆನಪಿನಲ್ಲಿ ಉಳಿಯುತ್ತದೆ. ಆದರೆ ಹೊಸ ಹೆಸರು, ಹೊಸ ಟೈಮ್ ಎರಡನ್ನೂ ಒಂದೇ ದಿನ ತಲೆಗೆ ಹಾಕಬೇಡಿ. ಟೈಮ್ ಬದಲಾವಣೆಯ ಮೆಸೇಜ್ ಹಾಕುವ ಒಂದು ವಾರದ ಮುಂಚಿನಿಂದಲೇ ಕ್ಲಾಸಿನಲ್ಲಿ ಬಾಯಿಮಾತಿನಲ್ಲಿ ಆ ಹೆಸರು ಬಳಸಿ. "ಮಲ್ಲಿಗೆಯವರು ನಾಳೆ ಡಂಬೆಲ್ಸ್ ತನ್ನಿ" ಅಂತ ಎರಡು ಸಲ ಹೇಳಿದರೆ ಸಾಕು, ಪಳಗುತ್ತಾರೆ.

ಇನ್ನು ಮೆಸೇಜು. ಇಂಥ ಮೆಸೇಜನ್ನು ಯಾರೂ ಮೇಲಿಂದ ಕೆಳಗಿನವರೆಗೆ ಓದುವುದಿಲ್ಲ. ತನ್ನ ಸಾಲು ಎಲ್ಲಿದೆ ಅಂತ ಹುಡುಕುತ್ತಾರೆ, ಸಿಕ್ಕಿದ ತಕ್ಷಣ ಫೋನ್ ಒಳಗಿಡುತ್ತಾರೆ. ಹಳೇ ಟೈಮ್ ಬರೆಯುವುದು ಅದಕ್ಕೇ. "ಹೋ, ಇದು ನಾನು" ಅಂತ ಗುರುತು ಹಿಡಿಯುವುದಕ್ಕೆ ಅದೇ ಆಧಾರ. ಮೇಲೆ ಹಳೇ ಟೈಮ್‌ಟೇಬಲ್ ಪೂರ್ತಿ, ಕೆಳಗೆ ಹೊಸ ಟೈಮ್‌ಟೇಬಲ್ ಪೂರ್ತಿ ಹಾಕುವವರಿದ್ದಾರೆ. ಆಗ ಓದುವವರು ಮೇಲೆ ಒಂದು ಸಾಲು ಹಿಡಿದು, ಕೆಳಗೆ ಅದರ ಜೋಡಿ ಹುಡುಕಬೇಕು. ನಿಮ್ಮ ಬ್ಯಾಚುಗಳಲ್ಲಂತೂ ಮೇಲೂ 6:30 ಇದೆ, ಕೆಳಗೂ 6:30 ಇದೆ. ಎರಡನೇ ಬ್ಯಾಚಿನವರು ಕೆಳಗಿನ ಪಟ್ಟಿಯಲ್ಲಿ 6:30 ನೋಡಿ "ನಮ್ಮದು ಬದಲಾಗಿಲ್ಲ" ಅಂತ ನಿಶ್ಚಿಂತೆಯಾಗಿಬಿಡುತ್ತಾರೆ. ಒಂದು ಬ್ಯಾಚಿನ ಹಳೆಯದೂ ಹೊಸದೂ ಒಂದೇ ಕಡೆ, ಮೇಲೆ ಕೆಳಗೆ ಇರಬೇಕು.

ನಿಮ್ಮ ಟೈಮ್‌ಗಳನ್ನೇ ಇಟ್ಟುಕೊಂಡು ಬರೆದಿದ್ದೇನೆ. ಹೀಗೇ ಟೈಪ್ ಮಾಡಬಹುದು:

```
*ಕ್ಲಾಸ್ ಟೈಮ್ ಬದಲಾವಣೆ: ಡಿ. 1, ಸೋಮವಾರದಿಂದ*

*ಮಲ್ಲಿಗೆ ಬ್ಯಾಚ್*
ಹಳೆ: ಬೆಳಗ್ಗೆ 5:30 - 6:30
*ಹೊಸ: ಬೆಳಗ್ಗೆ 6:30 - 7:30*

*ಸಂಪಿಗೆ ಬ್ಯಾಚ್*
ಹಳೆ: ಬೆಳಗ್ಗೆ 6:30 - 7:30
*ಹೊಸ: ಬೆಳಗ್ಗೆ 7:30 - 8:30*

*ಕನಕಾಂಬರ ಬ್ಯಾಚ್*
ಬೆಳಗ್ಗೆ 10:30 - 11:30
*ಬದಲಾವಣೆ ಇಲ್ಲ*

*ಸೇವಂತಿಗೆ ಬ್ಯಾಚ್*
ಹಳೆ: ಸಂಜೆ 6:30 - 7:30
*ಹೊಸ: ಸಂಜೆ 6:00 - 7:00*

ನ. 29, ಶನಿವಾರದವರೆಗೆ ಹಳೆ ಟೈಮ್. ಭಾನುವಾರ ರಜೆ.
ಹೊಸ ಟೈಮ್ ಫೆ. 28ರವರೆಗೆ. ಕಾರಣ: ಚಳಿ, ಬೆಳಗಿನ ಕತ್ತಲು.
ಈ ಟೈಮ್ ಆಗದವರು ನನಗೆ ಪ್ರತ್ಯೇಕ ಮೆಸೇಜ್ ಮಾಡಿ.
```

ನಮಸ್ಕಾರ ಎಲ್ಲಿ ಹೋಯಿತು ಅಂತ ಕೇಳಬಹುದು. ಫೋನ್ ಲಾಕ್ ಆಗಿದ್ದಾಗ ಮೇಲೆ ಕಾಣುವುದು ಮೆಸೇಜಿನ ಮೊದಲ ಸಾಲು ಅಷ್ಟೇ. "ಎಲ್ಲರಿಗೂ ನಮಸ್ಕಾರ" ಅಂತ ಶುರುವಾದರೆ ದಿನಾ ಬರುವ ಶುಭೋದಯದ ಸಾಲಿಗೆ ಅದೂ ಸೇರುತ್ತದೆ. ವಿಷಯ, ತಾರೀಖು, ವಾರ ಮೂರೂ ಮೊದಲ ಸಾಲಿಗೇ ಬರಲಿ. ನಮಸ್ಕಾರ ಹೇಳಲೇಬೇಕು ಅನ್ನಿಸಿದರೆ ಕೊನೆಗೆ ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

"ನಾಳೆಯಿಂದ" ಅನ್ನುವುದು ಬೇಡವೇ ಬೇಡ. ರಾತ್ರಿ ಹಾಕಿದ ಮೆಸೇಜನ್ನು ಮರುದಿನ ಮಧ್ಯಾಹ್ನ ನೋಡುವವರಿಗೆ ಆ ನಾಳೆ ಯಾವುದು? "ಬರುವ ಸೋಮವಾರ" ಕೂಡ ಹಾಗೇ. "ಈಗ" ಅನ್ನುವುದನ್ನೂ ಬಿಟ್ಟು "ಹಳೆ" ಅಂತ ಹಾಕಿದ್ದೇನೆ, ನೋಡಿ. "ಈಗ: 5:30" ಅಂತ ಬರೆದರೆ ನವೆಂಬರಿನಲ್ಲಿ ಅದು ಸರಿ. ಡಿಸೆಂಬರ್ 3ಕ್ಕೆ ಯಾರೋ ಅದೇ ಮೆಸೇಜ್ ತೆಗೆದು ನೋಡಿದರೆ "ಈಗ" ಅಂತ ಹಳೇ ಟೈಮ್ ತೋರಿಸುತ್ತದೆ. ಹಳೆ, ಹೊಸ ಅನ್ನುವುದು ಯಾವ ದಿನ ಓದಿದರೂ ಸರಿಯಾಗಿಯೇ ಇರುತ್ತದೆ.

10:30ರವರಿಗೆ ಬದಲಾವಣೆ ಇಲ್ಲದಿದ್ದರೂ ಅವರ ಹೆಸರು ಹಾಕಿ. ಪಟ್ಟಿಯಲ್ಲಿ ಅವರೇ ಇಲ್ಲದಿದ್ದರೆ "ಮೇಡಂ, ನಮ್ಮದು ಏನಾಯ್ತು? ಬ್ಯಾಚ್ ನಿಂತುಹೋಯ್ತಾ?" ಅಂತ ಕೇಳಿಯೇ ಕೇಳುತ್ತಾರೆ. "ಬೆಳಗ್ಗೆ", "ಸಂಜೆ" ಅನ್ನುವುದನ್ನು ಪ್ರತಿ ಸಾಲಿನಲ್ಲೂ ಬರೆಯಿರಿ. ಮೇಲೆ ಒಂದು ಸಲ ಬರೆದಿದ್ದೇನಲ್ಲ ಅಂತ ಕೆಳಗೆ ಬಿಡಬೇಡಿ. ಅಂಕಿಗಳು 6:30 ಅಂತಲೇ ಇರಲಿ. ನಿಮ್ಮ ಗ್ರೂಪಿನಲ್ಲಿ ಉರ್ದು, ತೆಲುಗು, ಹಿಂದಿ ಮನೆಮಾತಿನವರೂ ಇರಬಹುದು. ಕನ್ನಡ ಓದುವುದು ನಿಧಾನವಾದರೂ ಅಂಕಿ ಎಲ್ಲರಿಗೂ ಗೊತ್ತಾಗುತ್ತದೆ. ವಯಸ್ಸಾದವರಿಗೆ ಬೇಕಾದರೆ ಜೊತೆಗೊಂದು ವಾಯ್ಸ್ ಮೆಸೇಜ್ ಹಾಕಿ. ಅದರಲ್ಲಿ ಮಾತ್ರ "ಆರೂವರೆ, ಏಳೂವರೆ" ಅಂತ ಹೇಳಿ.

ಎರಡು ಕಾಲಂ ಮಾಡಿ ಟೇಬಲ್ ಥರ ಚೆಂದವಾಗಿ ಹಾಕಬೇಕು ಅಂತ ಆಸೆ ಆಗುತ್ತದೆ. ವಾಟ್ಸಾಪಿನಲ್ಲಿ ಅದು ನಿಲ್ಲುವುದಿಲ್ಲ. ಸ್ಪೇಸ್ ಒತ್ತಿ ಒತ್ತಿ ಸಾಲು ಜೋಡಿಸಿದರೂ ಕನ್ನಡದ ಅಕ್ಷರಗಳಿಗೆ ಒಂದೊಂದಕ್ಕೆ ಒಂದೊಂದು ಅಗಲ. ನಿಮ್ಮ ಫೋನಿನಲ್ಲಿ ನೇರ ಕಂಡದ್ದು ಇನ್ನೊಬ್ಬರ ಫೋನಿನಲ್ಲಿ ಸೊಟ್ಟ. ಅಕ್ಷರ ದೊಡ್ಡದು ಮಾಡಿಕೊಂಡವರ ಫೋನಿನಲ್ಲಂತೂ ಸಾಲು ಮುರಿದು, ಹೊಸ ಟೈಮ್ ಕೆಳಗಿನ ಬ್ಯಾಚಿನ ಪಕ್ಕಕ್ಕೆ ಹೋಗಿ ಕೂರುತ್ತದೆ. ಅದಕ್ಕೇ ಬ್ಯಾಚಿಗೆ ಮೂರು ಚಿಕ್ಕ ಸಾಲು ಮಾಡಿದ್ದು. ಎಷ್ಟು ಸಣ್ಣ ಸ್ಕ್ರೀನ್ ಇದ್ದರೂ ಮುರಿಯುವುದಿಲ್ಲ. ಬ್ಯಾಚುಗಳ ನಡುವೆ ಒಂದು ಖಾಲಿ ಸಾಲು ಬಿಡುವುದನ್ನು ಮರೆಯಬೇಡಿ.

ಹಳೇ ಟೈಮಿನ ಮೇಲೆ ಗೀಟು ಎಳೆಯುವ ಅಭ್ಯಾಸವೂ ಕೆಲವರಿಗಿದೆ. ನನಗೆ ಅದು ಹಿಡಿಸುವುದಿಲ್ಲ. ಅಂಕಿಯ ಮೇಲೆ ಗೆರೆ ಬಿದ್ದರೆ ಕನ್ನಡಕ ಇಲ್ಲದವರಿಗೆ 5 ಯಾವುದು, 6 ಯಾವುದು ಗೊತ್ತಾಗುವುದಿಲ್ಲ. ಗುರುತು ಹಿಡಿಯಲಿ ಅಂತ ತಾನೇ ಹಳೇ ಟೈಮ್ ಬರೆದದ್ದು? ಅದನ್ನೇ ಮಸುಕು ಮಾಡಿ ಏನು ಪ್ರಯೋಜನ? ಹಳೆಯದು ಮಾಮೂಲಿ ಅಕ್ಷರ, ಹೊಸದು ದಪ್ಪ ಅಕ್ಷರ, ಇಷ್ಟು ಸಾಕು. ದಪ್ಪ ಮಾಡಲು ಎರಡೂ ಕಡೆ ನಕ್ಷತ್ರ ಚಿಹ್ನೆ ಹಾಕುತ್ತೀರಲ್ಲ, ಅದನ್ನು ಪ್ರತಿ ಸಾಲಿಗೂ ಬೇರೆ ಬೇರೆ ಹಾಕಿ. ನಕ್ಷತ್ರಕ್ಕೂ ಒಳಗಿನ ಅಕ್ಷರಕ್ಕೂ ನಡುವೆ ಜಾಗ ಬಿಡಬೇಡಿ. "6:30ಕ್ಕೆ" ಅಂತ ಬರೆಯುವುದಾದರೆ "ಕ್ಕೆ" ಕೂಡ ನಕ್ಷತ್ರದ ಒಳಗೇ ಇರಲಿ. ಮುಗಿಯುವ ನಕ್ಷತ್ರಕ್ಕೆ ಹೊರಗಿನಿಂದ ಅಕ್ಷರ ಅಂಟಿದರೆ ದಪ್ಪ ಆಗದೆ ಬರೀ ನಕ್ಷತ್ರ ಕಾಣುತ್ತದೆ.

ಪೋಸ್ಟರ್ ಮಾಡಿಸಿ ಫೋಟೋ ಹಾಕಿದರೆ ಸ್ಟೇಟಸ್‌ಗೆ ಚೆನ್ನಾಗಿರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಫೋಟೋ ತಾನಾಗಿ ಡೌನ್‌ಲೋಡ್ ಆಗದ ಹಾಗೆ ಇಟ್ಟುಕೊಂಡವರಿಗೆ ಅದು ಮಬ್ಬು ಚೌಕವಾಗಿ ಕಾಣುತ್ತದೆ, ಒತ್ತುವ ಗೋಜಿಗೆ ಹೋಗುವುದಿಲ್ಲ. ಒಂದು ತಿಂಗಳಾದ ಮೇಲೆ "ಸಂಪಿಗೆ" ಅಂತ ಹುಡುಕಿದರೆ ಫೋಟೋದೊಳಗಿನ ಹೆಸರು ಸಿಗುವುದಿಲ್ಲ. ಫೋಟೋ ಹಾಕಿದರೂ ಬರಹದ ಮೆಸೇಜ್ ಇರಲೇಬೇಕು.

ಯಾವಾಗ ಹಾಕಬೇಕು? ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಡಿಸೆಂಬರ್ ಶುರುವಿನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಆರೂಕಾಲು ದಾಟಿದ ಮೇಲೆ, ಜನವರಿ ಕೊನೆಗೆ ಆರೂಮುಕ್ಕಾಲರ ಹತ್ತಿರ. ಆದ್ದರಿಂದ ನೀವು ಟೈಮ್ ಬದಲಾಯಿಸುತ್ತಿರುವುದು ಸರಿಯಾಗಿಯೇ ಇದೆ. ಆದರೆ ತುಮಕೂರಿನಲ್ಲಿ ಐದೂವರೆಗೆ ಕ್ಲಾಸಿಗೆ ಬರುವವರು ಯಾರು? ಬೆಂಗಳೂರಿಗೆ ದಿನಾ ಟ್ರೇನಿನಲ್ಲೋ ಬಸ್ಸಿನಲ್ಲೋ ಓಡಾಡುವವರೇ ಅವರಲ್ಲಿ ಜಾಸ್ತಿ ಇರುತ್ತಾರೆ. ಏಳೂವರೆಗೆ ಕ್ಲಾಸ್ ಮುಗಿಸಿ, ಮನೆಗೆ ಹೋಗಿ, ಸ್ನಾನ ತಿಂಡಿ ಮಾಡಿ ಸ್ಟೇಷನ್ನಿಗೆ ಓಡಲು ಅವರಿಂದ ಆಗದು. ಅಂಥವರನ್ನು ಒಬ್ಬೊಬ್ಬರಾಗಿ ಮೊದಲೇ ಕೇಳಿ. ಸಂಜೆ 6:00ಕ್ಕೂ ಅವರು ಊರಿಗೆ ವಾಪಸ್ ಬಂದಿರುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗ್ರೂಪಿನಲ್ಲಿ ಪೋಲ್ ಹಾಕಬೇಕು ಅಂದರೆ ಅದೂ ಈಗಲೇ ಆಗಲಿ, ತೀರ್ಮಾನಕ್ಕೆ ಮುಂಚೆ. ತೀರ್ಮಾನದ ಮೆಸೇಜಿನ ಕೆಳಗೆ ಪೋಲ್ ಹಾಕಿದರೆ ಜನ ಇದಿನ್ನೂ ಚರ್ಚೆಯಲ್ಲಿದೆ ಅಂದುಕೊಳ್ಳುತ್ತಾರೆ. ಹಳೇ ಟೈಮಿಗೆ ಬರಲು ಅದೊಂದು ನೆಪ ಸಾಕು.

ಕೇಳುವುದು ಮುಗಿದ ಮೇಲೆ ನವೆಂಬರ್ 24, ಸೋಮವಾರ ಸಂಜೆ ಎಲ್ಲ ಬ್ಯಾಚ್ ಮುಗಿದ ಮೇಲೆ ಮೆಸೇಜ್ ಹಾಕಿ. ಹಾಕುವ ಮೊದಲು ಗ್ರೂಪ್ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್ ಮಾತ್ರ ಮೆಸೇಜ್ ಕಳಿಸುವ ಹಾಗೆ ಮಾಡಿ. ಇಲ್ಲದಿದ್ದರೆ "ಓಕೆ ಮೇಡಂ", ಹೆಬ್ಬೆರಳು, ಕೈಮುಗಿಯುವ ಚಿತ್ರ, ಎಲ್ಲ ಸೇರಿ ಹತ್ತೇ ನಿಮಿಷದಲ್ಲಿ ನಿಮ್ಮ ಮೆಸೇಜು ಎಲ್ಲೋ ಮೇಲೆ ಹೋಗಿರುತ್ತದೆ. ಮೆಸೇಜಿನ ಮೇಲೇ ಹೆಬ್ಬೆರಳು ಒತ್ತಿ ಅಂತ ಹೇಳಿ. ಅದು ಮೆಸೇಜಿಗೆ ಅಂಟಿಕೊಂಡಿರುತ್ತದೆ, ಕೆಳಗೆ ಬೆಳೆಯುವುದಿಲ್ಲ. ಮರುದಿನ ಬೆಳಗ್ಗೆ ಎಲ್ಲರೂ ಮೆಸೇಜ್ ಕಳಿಸುವ ಹಾಗೆ ಗ್ರೂಪನ್ನು ಮತ್ತೆ ತೆರೆಯಿರಿ.

ಆಮೇಲೆ ಪಿನ್ ಮಾಡಿ. ವಾಟ್ಸಾಪ್ ಪಿನ್ನಿಗೆ 24 ಗಂಟೆ, 7 ದಿನ, 30 ದಿನ ಅಂತ ಮೂರು ಅವಧಿ ಕೊಡುತ್ತದೆ. ಹೇಗೂ ಒಂದು ವಾರ ಅಲ್ವಾ ಅಂತ 7 ದಿನ ಒತ್ತಬೇಡಿ. 24ಕ್ಕೆ ಹಾಕಿದ ಪಿನ್ ಡಿಸೆಂಬರ್ 1ಕ್ಕೇ ಬಿದ್ದುಹೋಗುತ್ತದೆ, ಅಂದರೆ ಹೊಸ ಟೈಮ್ ಶುರುವಾಗುವ ದಿನವೇ. 30 ದಿನ ಕೊಡಿ.

ಬರೆದದ್ದರಲ್ಲಿ ತಪ್ಪು ಕಂಡರೆ 15 ನಿಮಿಷದವರೆಗೆ ಎಡಿಟ್ ಮಾಡಬಹುದು. ಆದರೆ ಎಡಿಟ್ ಮಾಡಿದಾಗ ಯಾರ ಫೋನೂ ಮತ್ತೆ ಸದ್ದು ಮಾಡುವುದಿಲ್ಲ. ಮೊದಲೇ ಓದಿದವರ ತಲೆಯಲ್ಲಿ ತಪ್ಪು ಟೈಮೇ ಉಳಿದಿರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ಕಳಿಸಿದವರಂತೂ ನಿಮ್ಮ ಕೈಗೆ ಸಿಗುವುದಿಲ್ಲ. ಕಾಗುಣಿತದ ತಪ್ಪಾದರೆ ಎಡಿಟ್ ಸಾಕು. ಟೈಮೇ ತಪ್ಪಾಗಿದ್ದರೆ ಎಲ್ಲರಿಗೂ ಡಿಲೀಟ್ ಆಗುವ ಹಾಗೆ ತೆಗೆದುಹಾಕಿ, ಮೊದಲ ಸಾಲಿನಲ್ಲಿ "ತಿದ್ದುಪಡಿ" ಅಂತ ಸೇರಿಸಿ ಪೂರ್ತಿ ಮೆಸೇಜನ್ನು ಹೊಸದಾಗಿ ಹಾಕಿ. "ಸಂಪಿಗೆ 7:30, ಮೇಲೆ ತಪ್ಪಾಗಿದೆ" ಅನ್ನುವ ಒಂದು ಸಾಲಿನ ಬಾಲ ಹಚ್ಚಬೇಡಿ.

ಶನಿವಾರ ಮಧ್ಯಾಹ್ನ ಆ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿ. ಯಾರು ಓದಿದ್ದಾರೆ, ಯಾರಿಗೆ ಬರೀ ತಲುಪಿದೆ ಅಂತ ಹೆಸರು ಸಮೇತ ಎರಡು ಪಟ್ಟಿ ಕಾಣುತ್ತದೆ. ನೀಲಿ ಟಿಕ್ ಆಫ್ ಮಾಡಿಕೊಂಡವರೂ ಗ್ರೂಪಿನ ಮೆಸೇಜ್ ಓದಿದರೆ ಇಲ್ಲಿ ಸಿಕ್ಕಿಬೀಳುತ್ತಾರೆ. ಓದಿದವರ ಪಟ್ಟಿಯಲ್ಲಿ ಇಲ್ಲದವರಿಗೆ ಮಾತ್ರ ಫೋನ್ ಮಾಡಿ. ಅವರಲ್ಲೂ ಮೊದಲು ಸಂಪಿಗೆಯವರಿಗೆ, ಯಾಕೆ ಅಂತ ಮೇಲೆ ಹೇಳಿದ್ದೇನೆ.

ಭಾನುವಾರ ಸಂಜೆ ನೆನಪಿಸುವ ಮೆಸೇಜಿನಲ್ಲಿ ಹಳೇ ಟೈಮ್ ಬೇಡ. ಅಷ್ಟು ಹೊತ್ತಿಗೆ ಎಲ್ಲರಿಗೂ ತಮ್ಮ ಬ್ಯಾಚಿನ ಹೆಸರು ಗೊತ್ತು, ಗುರುತು ಹಿಡಿಯುವ ಕೆಲಸ ಮುಗಿದಿದೆ. ಅಲಾರಂ ಇಡುವ ಹೊತ್ತಿನಲ್ಲಿ ಎರಡು ಟೈಮ್ ಕಣ್ಣಿಗೆ ಬಿದ್ದರೆ ಅಭ್ಯಾಸಬಲದಿಂದ ಹಳೆಯದಕ್ಕೇ ಕೈ ಹೋಗುತ್ತದೆ. ಇಷ್ಟು ಹಾಕಿ:

```
*ನಾಳೆ ಸೋಮವಾರ, ಡಿ. 1*
ಮಲ್ಲಿಗೆ: *ಬೆಳಗ್ಗೆ 6:30*
ಸಂಪಿಗೆ: *ಬೆಳಗ್ಗೆ 7:30*
ಕನಕಾಂಬರ: *ಬೆಳಗ್ಗೆ 10:30*
ಸೇವಂತಿಗೆ: *ಸಂಜೆ 6:00*
```

ಇಲ್ಲಿ "ನಾಳೆ" ಬಳಸಿದ್ದೇನೆ, ಜೊತೆಗೆ ತಾರೀಖು ಇರುವುದರಿಂದ ಪರವಾಗಿಲ್ಲ. ಡಯಟ್ ಟಿಪ್ಸ್, ಫೀಸ್ ಬಾಕಿ ಇರುವವರ ಪಟ್ಟಿ, ಇವೆಲ್ಲ ಬೇರೆ ದಿನ ಬೇರೆ ಮೆಸೇಜಿನಲ್ಲಿ ಇರಲಿ. ಫೀಸ್ ಅಂದ ಕೂಡಲೇ ಕೆಲವರು ಮುಂದೆ ಓದುವುದನ್ನೇ ನಿಲ್ಲಿಸುತ್ತಾರೆ, ನಿಮಗೆ ಗೊತ್ತಿರುವುದೇ.

ಸೋಮವಾರ ಬೆಳಗ್ಗೆ ಸಾಧ್ಯವಾದರೆ 5:25ಕ್ಕೇ ಗೇಟಿನ ಹತ್ತಿರ ಯಾರನ್ನಾದರೂ ನಿಲ್ಲಿಸಿ. ಒಬ್ಬಿಬ್ಬರು ಬಂದೇ ಬರುತ್ತಾರೆ, ಕತ್ತಲಲ್ಲಿ ಒಂಟಿಯಾಗಿ ನಿಲ್ಲುವುದು ಬೇಡ. 6:30ಕ್ಕೆ ಮಾತ್ರ ನೀವೇ ಬಾಗಿಲಲ್ಲಿ ಇರಿ, ಕೈಯಲ್ಲಿ ಮಲ್ಲಿಗೆಯವರ ಹೆಸರಿನ ಪಟ್ಟಿ ಇರಲಿ. ಪಟ್ಟಿಯಲ್ಲಿಲ್ಲದ ಮುಖ ಕಂಡರೆ ಆ ದಿನ ವಾಪಸ್ ಕಳಿಸಬೇಡಿ, ಒಳಗೆ ಬಿಡಿ. ಹೆಸರು ಬರೆದುಕೊಂಡು "ನಾಳೆಯಿಂದ ನಿಮ್ಮದು ಏಳೂವರೆ" ಅಂತ ಮುಖ ನೋಡಿ ಹೇಳಿ. ಮಂಗಳವಾರವೂ ಅದೇ ಹೆಸರು ಬಂದರೆ ಅವರು ಮರೆತಿಲ್ಲ, ಅವರಿಗೆ 6:30 ಅನುಕೂಲವಾಗಿದೆ ಅಂತ ತಿಳಿಯಿರಿ. ಆಗ ಜಾಗ ಇದ್ದರೆ ಬ್ಯಾಚ್ ಬದಲಾಯಿಸಿ ಕೊಡಿ, ಇಲ್ಲದಿದ್ದರೆ ಇಲ್ಲ ಅನ್ನಿ.

ಅದೇ ದಿನ ಗ್ರೂಪ್ ಡಿಸ್ಕ್ರಿಪ್ಷನ್ನಿನಲ್ಲಿ, ಗೇಟಿನ ಬೋರ್ಡಿನಲ್ಲಿ, ಗೂಗಲ್ ಮ್ಯಾಪಿನಲ್ಲಿ ಹಾಕಿರುವ ಟೈಮ್ ಕೂಡ ಬದಲಾಯಿಸಿ. ಹೊಸದಾಗಿ ಸೇರುವವರು ನೋಡುವುದು ಇವನ್ನೇ. ಅಲ್ಲಿ ಹಳೆ-ಹೊಸ ಲೆಕ್ಕ ಬೇಡ, ಹೊಸ ಟೈಮ್ ಮಾತ್ರ.

ಫೆಬ್ರುವರಿ ಕೊನೆಗೆ ಮತ್ತೆ ಮೊದಲಿನ ಟೈಮಿಗೆ ಹೋಗುವಾಗ ಈ ಮೆಸೇಜನ್ನೇ ಫಾರ್ವರ್ಡ್ ಮಾಡಿ "ಇನ್ನು ಮೇಲೆ ಹಳೇ ಟೈಮ್" ಅಂತ ಬರೆಯಬೇಡಿ. ಅಷ್ಟು ಹೊತ್ತಿಗೆ ಮೂರು ತಿಂಗಳು ಆಗಿರುತ್ತದೆ, ಎಲ್ಲರಿಗೂ 6:30, 7:30 ಇವೇ ಹಳೇ ಟೈಮ್. ಡಿಸೆಂಬರಿನಿಂದೀಚೆಗೆ ಸೇರಿದವರಿಗಂತೂ ಬೇರೆ ಟೈಮ್ ಇತ್ತು ಅನ್ನುವುದೇ ಗೊತ್ತಿರುವುದಿಲ್ಲ. ಮಲ್ಲಿಗೆಗೆ "ಹಳೆ: ಬೆಳಗ್ಗೆ 6:30, ಹೊಸ: ಬೆಳಗ್ಗೆ 5:30" ಅಂತ, ಮಾರ್ಚ್ 2, ಸೋಮವಾರದ ತಾರೀಖು ಹಾಕಿ, ಹೊಸದಾಗಿಯೇ ಟೈಪ್ ಮಾಡಿ.